ಸಹಾಯ ಬೇಕು: ಟಾರ್ಗೆಟ್ ರಿಟರ್ನ್ ಬೆಲೆಗೆ ಯಾವ ಮಾರಾಟ ಸಂಖ್ಯೆ ಹಿಡಿಯಬೇಕು?

ಎಲ್ಲರಿಗೂ ನಮಸ್ಕಾರ. ಹೊಸ ಉತ್ಪನ್ನವೊಂದಕ್ಕೆ ಬೆಲೆ ಕಟ್ಟುತ್ತಿದ್ದೇನೆ. ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಎಲ್ಲ ಸೇರಿ ತೊಡಗಿಸಿದ ಬಂಡವಾಳ 10 ಲಕ್ಷ. ಅದರ ಮೇಲೆ ವರ್ಷಕ್ಕೆ 20% ಲಾಭ ಬೇಕು, ಅಂದರೆ 2 ಲಕ್ಷ. ಸ್ಥಿರ ವೆಚ್ಚ 3 ಲಕ್ಷ. ಒಂದೊಂದಕ್ಕೆ ತಗಲುವ ಬದಲಾಗುವ ವೆಚ್ಚ 60.

ವರ್ಷಕ್ಕೆ 5,000 ಮಾರಾಟವಾಗುತ್ತದೆ ಎಂದು ಹಿಡಿದರೆ ಲೆಕ್ಕ ಹೀಗೆ:

60 + (3,00,000 ÷ 5,000) + (2,00,000 ÷ 5,000) = 160

ಇಲ್ಲಿವರೆಗೆ ಸರಿ ಅಲ್ವಾ? ಆದರೆ ಇದೇ ಬೆಲೆಗೆ 4,000 ಮಾತ್ರ ಹೋದರೆ ಲಾಭ 1 ಲಕ್ಷಕ್ಕೆ ಇಳಿಯುತ್ತದೆ. ಮಾರಾಟ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಲಾಭ ಅರ್ಧ! 3,000ಕ್ಕೆ ಬಂದರೆ ಲಾಭವೇ ಇಲ್ಲ.

4,000 ಹಾಕಿ ಮತ್ತೆ ಲೆಕ್ಕ ಮಾಡಿದರೆ ಬೆಲೆ 185 ಬರುತ್ತದೆ. ಬೇಡಿಕೆ ಕಡಿಮೆ ಇರುವಾಗಲೇ ಬೆಲೆ ಏರಿಸು ಅನ್ನುತ್ತದೆ ಸೂತ್ರ. ಆಗ ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ನನಗೆ ಜಾಸ್ತಿ ಚಿಂತೆ ಇದರದ್ದೇ.

ಅನುಭವ ಇರುವವರು ಹೇಳಿ: ಈ ವರ್ಷದ ಅಂದಾಜು ಮಾರಾಟ ಹಿಡಿಯುತ್ತೀರಾ, ಅಥವಾ ಹಲವು ವರ್ಷಗಳ ಸರಾಸರಿ ಸಾಮರ್ಥ್ಯವನ್ನು ಆಧರಿಸುತ್ತೀರಾ? ಸರಾಸರಿ ಹಿಡಿದರೆ ಬೆಲೆ ಸ್ಥಿರವಾಗಿರುತ್ತದೆ ಅನ್ನಿಸುತ್ತದೆ. ಆದರೆ ಹೊಸ ಉತ್ಪನ್ನಕ್ಕೆ ಹಳೇ ಅಂಕಿಗಳೇ ಇಲ್ಲದಿದ್ದಾಗ ಅದನ್ನು ಹೇಗೆ ಗೊತ್ತುಮಾಡುತ್ತೀರಿ?