ಉತ್ತರ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ಬರಲಿಲ್ಲ

ಹಾವೇರಿ ಡಿಪ್ಲೊಮಾ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಪಾಸಣೆ ಕೆಲಸಕ್ಕೆ ಸಂದರ್ಶನವಿತ್ತು. ‘ಶಾಫ್ಟಿನ ಅಳತೆ 25 ಮಿ.ಮೀ., 0.02 ಹೆಚ್ಚು ಅಥವಾ ಕಡಿಮೆ ಇರಬಹುದು. ನಿಮಗೆ 24.97 ಬಂತು, ಏನು ಮಾಡುತ್ತೀರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ದ ಶಾಫ್ಟ್ ಸೈಜ್ ಲೆಸ್...’ ಎಂದು ಅಲ್ಲಿಗೇ ನಿಂತೆ. ಮಾತು ರೂಢಿಯಾಗಲು ಏನು ಮಾಡಲಿ? ಸಿಕ್ಕಿಕೊಂಡಾಗ ಕನ್ನಡಕ್ಕೆ ತಿರುಗಬಹುದೇ?

ನಿವೃತ್ತ ಮೇಷ್ಟ್ರು: ದಿನವೂ ಒಂದು ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಪ್ಪ. ನಾಲಿಗೆ ತಿರುಗುತ್ತದೆ. ವ್ಯಾಕರಣ ಗಟ್ಟಿಯಾಗುವವರೆಗೆ ಸಂದರ್ಶನಕ್ಕೆ ಹೋಗಬೇಡ. ತಪ್ಪು ಮಾತು ಒಮ್ಮೆ ಬಾಯಿಗೆ ಕೂತರೆ ಬಿಡುವುದಿಲ್ಲ.

ಗೇಜ್ ರೂಮ್: ಮೇಷ್ಟ್ರೇ, ಗಟ್ಟಿಯಾಗಿ ಓದುವ ಮಾತು ಒಪ್ಪುತ್ತೇನೆ. ಸಂದರ್ಶನಕ್ಕೇ ಹೋಗಬೇಡ ಎನ್ನುವುದನ್ನು ಒಪ್ಪಲಾರೆ. ನಾನು ತಪಾಸಣೆ ವಿಭಾಗದಲ್ಲಿದ್ದು ಹುಡುಗರನ್ನು ಆರಿಸುವವನು. ಈ ಹುಡುಗ ಎಡವಿದ್ದು ವ್ಯಾಕರಣದಲ್ಲಿ ಅಲ್ಲ, ವಾಕ್ಯ ಶುರುಮಾಡಿದ ಕಡೆ.

ಕನ್ನಡದಲ್ಲಿ ಇವರ ಮನಸ್ಸಿನಲ್ಲಿದ್ದದ್ದು ಬಹುಶಃ ಹೀಗೆ: ‘ಅಳತೆ ಕಡಿಮೆಯಾದ ಶಾಫ್ಟನ್ನು ಮತ್ತೆ ಸರಿಪಡಿಸಲು ಆಗುವುದಿಲ್ಲವಾದ್ದರಿಂದ ಬೇರೆ ಇಡುತ್ತೇನೆ.’ ನಮ್ಮಲ್ಲಿ ಕಾರಣ ಮೊದಲು, ಕ್ರಿಯಾಪದ ಕೊನೆಗೆ. ಅದೇ ಸಾಲಿನಲ್ಲಿ ಇಂಗ್ಲಿಷಿಗೆ ಇಳಿದರೆ ಕಾರಣದ ನಡುವೆಯೇ ಪದ ಮುಗಿದುಹೋಗುತ್ತದೆ. ಆದ್ದರಿಂದ ಬಾಲದಿಂದ ಶುರುಮಾಡಬೇಕು. ಏನು ಮಾಡುತ್ತೀರೋ ಅದನ್ನು ಮೊದಲು ಹೇಳಿ, ಕಾರಣವನ್ನು ಇನ್ನೊಂದು ಪುಟ್ಟ ವಾಕ್ಯಕ್ಕೆ ಬಿಡಿ: ‘ಐ ವಿಲ್ ಸೆಪರೇಟ್ ಇಟ್. ಇಟ್ ಈಸ್ ಅಂಡರ್‌ಸೈಜ್. ವಿ ಕೆನಾಟ್ ರೀವರ್ಕ್ ಇಟ್. ಐ ವಿಲ್ ಚೆಕ್ ದ ಪ್ರೀವಿಯಸ್ ಪೀಸಸ್.’ ನಾಲ್ಕು ತುಂಡು, ಒಂದರಲ್ಲೂ ಐದಾರು ಪದಗಳಿಗಿಂತ ಹೆಚ್ಚಿಲ್ಲ. ಕೇಳುವವನಿಗೆ ಬೇಕಾದದ್ದು ಅಷ್ಟೇ. 25.03 ಬಂದಿದ್ದರೆ ಇನ್ನಷ್ಟು ತೆಗೆದು ಸರಿಮಾಡಬಹುದಿತ್ತು, 24.97 ಆದರೆ ಲೋಹ ಆಗಲೇ ಹೋಗಿಬಿಟ್ಟಿದೆ. ಈ ವ್ಯತ್ಯಾಸ ತಿಳಿದಿದೆಯೇ ಎಂದು ನೋಡಲೆಂದೇ ಆ ಪ್ರಶ್ನೆ.

ನಿಮ್ಮ ಪ್ರಾಜೆಕ್ಟ್, ನೀವು ಬಳಸಿದ ಮೈಕ್ರೋಮೀಟರ್, ನೀವು ಕಂಡ ಒಂದು ದೋಷ: ಈ ಮೂರನ್ನು ಹೀಗೆಯೇ ತುಂಡುಮಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮರುದಿನ ಕೇಳಿ, ಎಲ್ಲಿ ಎರಡು ಕ್ಷಣಕ್ಕಿಂತ ಹೆಚ್ಚು ನಿಂತಿರಿ ಎಂದು ಗುರುತುಹಾಕಿ. ಆ ಜಾಗದ ವಾಕ್ಯವನ್ನಷ್ಟೇ ಬದಲಿಸಿ. ಬಾಯಿಪಾಠ ಮಾತ್ರ ಬೇಡ. ನಡುವೆ ಒಂದು ಅಡ್ಡಪ್ರಶ್ನೆ ಬಂದರೆ ಬಾಯಿಪಾಠದವನಿಗೆ ದಾರಿಯೇ ತಪ್ಪುತ್ತದೆ.

ತುಮಕೂರು ಆಕಾಂಕ್ಷಿ: ಇಷ್ಟೆಲ್ಲ ಕಷ್ಟ ಏಕೆ? ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಕೊಡಬಹುದು. ನಾನೂ ಅದಕ್ಕೇ ಓದುತ್ತಿದ್ದೇನೆ. ಅಲ್ಲಿ ನಡೆಯುವುದು ಕಾರ್ಖಾನೆಯಲ್ಲಿ ಏಕೆ ನಡೆಯಬಾರದು?

ಗೇಜ್ ರೂಮ್: ಅಲ್ಲಿ ಭಾಷೆಯನ್ನು ಮೊದಲೇ ಬರೆದುಕೊಡುತ್ತೀರಿ, ಭಾಷಾಂತರಕ್ಕೆ ಏರ್ಪಾಡು ಇರುತ್ತದೆ. ಇಲ್ಲಿ ಎದುರಿಗೆ ಕೂತ ಮೂವರಲ್ಲಿ ಒಬ್ಬರು ತಮಿಳಿನವರಾಗಿದ್ದರೆ ನಿಮ್ಮ ಕನ್ನಡ ಅವರಿಗೆ ಮುಟ್ಟುವುದೇ ಇಲ್ಲ.

ಆದರೂ ಹಾವೇರಿಯವರೇ, ತಿರುಗಬಹುದು. ಪ್ರಶ್ನೆ ಕೇಳಿದವರಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದಾಗ, ವಿಷಯ ಕೆಲಸದ ಒಳವಿವರದ್ದಾಗಿದ್ದಾಗ. ಮಾತು ಪೂರ್ತಿ ನಿಂತುಹೋಗುವ ಮೊದಲೇ ಕೇಳಿ: ‘ಮೇ ಐ ಎಕ್ಸ್‌ಪ್ಲೇನ್ ದಿಸ್ ಪಾರ್ಟ್ ಇನ್ ಕನ್ನಡ?’ ವಿವರಿಸಿದ ಮೇಲೆ ಸಾರವನ್ನು ಒಂದೇ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ ವಾಪಸ್ ಬನ್ನಿ. ಪರಿಚಯ, ಊರು, ಓದು ಇವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಮುಗಿಸಿ. ಅಲ್ಲೇ ಕನ್ನಡಕ್ಕೆ ಹೊರಳಿದರೆ ತಯಾರಿಯೇ ಇಲ್ಲ ಎಂದುಕೊಳ್ಳುತ್ತಾರೆ.

ನೇಮಕಾತಿ ಮೇಜು: ಸರ್, ನೀವು ಯಂತ್ರದ ಬಳಿ ನಿಂತು ಮಾತಾಡುತ್ತಿದ್ದೀರಿ. ನಾನು ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಗಳಿಗೆ ಆರಿಸುತ್ತೇನೆ. ಅಲ್ಲಿ ಭಾಷೆಯೇ ಪರೀಕ್ಷೆ, ಹಾಗಾಗಿ ಒಮ್ಮೆ ತಿರುಗಿದರೂ ಅಂಕ ಹೋಗುತ್ತದೆ. ತಪಾಸಣೆ ಕೆಲಸದಲ್ಲೂ ಹೊರಗಿನ ಗ್ರಾಹಕರು ಆಡಿಟ್‌ಗೆ ಬಂದಾಗ ಈ ಹುಡುಗನೇ ತಾನೇ ಉತ್ತರಿಸಬೇಕು?

ಗೇಜ್ ರೂಮ್: ಮೊದಲ ವರ್ಷ ಅಲ್ಲ, ಮೇಡಂ. ಆಡಿಟ್‌ಗೆ ಹಿರಿಯರು ನಿಲ್ಲುತ್ತಾರೆ.

ನೇಮಕಾತಿ ಮೇಜು: ನಿಮ್ಮಲ್ಲಿ ನಿಲ್ಲುತ್ತಾರೆ. ಸಣ್ಣ ಘಟಕಗಳಲ್ಲಿ ತಪಾಸಣೆಗೆ ಇರುವುದೇ ಇಬ್ಬರು. ಎರಡನೇ ತಿಂಗಳಿಗೇ ಹುಡುಗ ಉತ್ತರಿಸಬೇಕಾಗಿ ಬಂದದ್ದನ್ನು ನಾನೇ ನೋಡಿದ್ದೇನೆ.

ಹಾವೇರಿ ಡಿಪ್ಲೊಮಾ: ನಿನ್ನೆ ರಾತ್ರಿ ಧ್ವನಿಮುದ್ರಿಸಿದೆ ಅಣ್ಣ. ಮೈಕ್ರೋಮೀಟರಿನ ಬಗ್ಗೆ ತಡವರಿಸಲಿಲ್ಲ. ‘ಝೀರೋ ಎರರ್ ಇದ್ದರೆ ಏನು ಮಾಡುತ್ತೀಯ’ ಎಂದು ತಂಗಿಯಿಂದ ಕೇಳಿಸಿದೆ, ಅಲ್ಲಿ ಮತ್ತೆ ‘ಬಿಕಾಸ್’ನಿಂದ ಶುರುಮಾಡಿ ನಿಂತೆ. ಗುರುವಾರ ಇನ್ನೊಂದು ಸಂದರ್ಶನವಿದೆ, ಅದು ಇಬ್ಬರೇ ಇರುವ ಸಣ್ಣ ಘಟಕ. ಆಡಿಟ್‌ನ ಕೆಲಸ ಯಾರದು ಎಂದು ಅವರನ್ನೇ ಕೇಳಬಹುದೇ?

ನೇಮಕಾತಿ ಮೇಜು: ಕೇಳಿ. ಕೊನೆಯಲ್ಲಿ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎಂದಾಗ ಕೇಳಿ, ಇಂಗ್ಲಿಷಿನಲ್ಲಿ. ‘ಬಿಕಾಸ್’ ವಾಕ್ಯದ ಎರಡನೇ ತುಂಡಿಗೆ ಇರಲಿ.