ಪುಟ್ಟಿಯ ಹಾಲಿನ ಪುಡಿ ಡಬ್ಬ: ಅಸಲಿಯಾ, ನಕಲಿಯಾ?

ಶ್ವೇತಾ: [ಫೋಟೊ] [ಫೋಟೊ] ಪುಟ್ಟಿಗೆ ಅಂತ ಆನ್‌ಲೈನ್‌ನಲ್ಲಿ ಒಬ್ಬರಿಂದ ತರಿಸಿದ ಹಾಲಿನ ಪುಡಿ. ದುಬೈ ಮಾಲು, ಅರ್ಧ ಬೆಲೆ. ಇನ್ನೂ ತೆಗೆದಿಲ್ಲ. ಒಮ್ಮೆ ನೋಡಿ ಹೇಳಿ.

ಮೋಹನ್ ಮಾವ: ಅರಬ್ಬಿ ಬರಹ ಇದೆಯಲ್ಲಮ್ಮ. ನಕಲಿನೇ. ಎಸೆದುಬಿಡು.

ಕಿರಣ: ಮಾವ, ಗಲ್ಫ್‌ನಲ್ಲಿ ಮಾರುವ ಡಬ್ಬ ಅಂದ ಮೇಲೆ ಅರಬ್ಬಿ ಇದ್ದೇ ಇರುತ್ತದೆ. ಅದು ತಪ್ಪಲ್ಲ. ಎರಡು ಭಾಷೆಯೂ ಒಂದೇ ಮಾತು ಹೇಳುತ್ತವಾ ಅಂತ ನೋಡಬೇಕು. ನಾಗರಾಜಣ್ಣ, ಮಸ್ಕತ್‌ನಲ್ಲಿದ್ದೀರಲ್ಲ, ಸ್ವಲ್ಪ ಓದ್ತೀರಾ?

ನಾಗರಾಜಣ್ಣ: ಇಂಗ್ಲಿಷಿನಲ್ಲಿ 0ಯಿಂದ 6 ತಿಂಗಳು ಅಂತಿದೆ. ಅರಬ್ಬಿ ಅಂಕಿಯಲ್ಲಿ 6ರಿಂದ 12 ತಿಂಗಳು! ಮತ್ತೆ ಅರಬ್ಬಿ ಅಕ್ಷರಗಳು ಹೆಚ್ಚಾಗಿ ಒಂದಕ್ಕೊಂದು ಕೂಡಿಕೊಂಡು ಬರುತ್ತವೆ. ಇಲ್ಲಿ ಹಿಂಬದಿಯ ಸಾಲುಗಳಲ್ಲಿ ಬಿಡಿಬಿಡಿಯಾಗಿ ನಿಂತಿವೆ, ಅದೂ ಎಡದಿಂದ ಬಲಕ್ಕೆ. ಇಲ್ಲಿನ ಅಂಗಡಿಗಳಲ್ಲಿ ಇಂಥದ್ದು ನೋಡಿಲ್ಲ.

ಕಿರಣ: ಬಲದಿಂದ ಎಡಕ್ಕೆ ಓದುವ ಲಿಪಿ ಗೊತ್ತಿಲ್ಲದ ಸಾಫ್ಟ್‌ವೇರಿನಲ್ಲಿ ಅರಬ್ಬಿ ಅಂಟಿಸಿದರೆ ಹೀಗಾಗುತ್ತದೆ. ಒಂದು ಕಾಗುಣಿತ ತಪ್ಪಾದರೆ ಬಿಡಬಹುದಿತ್ತು. ವಯಸ್ಸೇ ಬೇರೆ ಇದೆ ಅಂದರೆ ಬಿಡಲಾಗದು. ಅಕ್ಕ, ಆಮದು ಮಾಡಿದವರ ಹೆಸರು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರುವ ಸ್ಟಿಕರ್ ಇದೆಯಾ?

ಶ್ವೇತಾ: ಇಲ್ಲ ಕಣೋ.

ಕಿರಣ: ಅಸಲಿ ಡಬ್ಬವನ್ನೇ ಬ್ಯಾಗಿನಲ್ಲಿ ತಂದು ಮಾರಿದರೂ ಅದು ಇರುವುದಿಲ್ಲ. ಹಾಗಾಗಿ ಅದೊಂದರಿಂದಲೇ ನಕಲಿ ಅನ್ನಲಾಗದು. ಆದರೆ ನಾಳೆ ತೊಂದರೆಯಾದರೆ ಇಲ್ಲಿ ಕೇಳುವುದಕ್ಕೆ ಯಾರೂ ಇರುವುದಿಲ್ಲ.

ಸುಧಾ ಅತ್ತೆ: ಸುಮ್ನೆ ಇಷ್ಟೆಲ್ಲ ಯಾಕೆ? ನನಗೊಂದು ಫಾರ್ವರ್ಡ್ ಬಂದಿತ್ತು. ತಳದ ಬ್ಯಾಚ್ ನಂಬರನ್ನು ನೈಲ್ ಪಾಲಿಶ್ ರಿಮೂವರ್‌ನಿಂದ ಒರೆಸಬೇಕಂತೆ. ಅಳಿಸಿದರೆ ನಕಲಿ.

ಕಿರಣ: ಅತ್ತೆ, ದಯವಿಟ್ಟು ಅದನ್ನು ಮಾಡಿಸಬೇಡಿ. ನಾನು ಪ್ಯಾಕಿಂಗ್ ಲೈನಿನಲ್ಲೇ ಕೆಲಸ ಮಾಡುವವನು. ಓಡುವ ಡಬ್ಬದ ಮೇಲೆ ಇಂಕ್‌ಜೆಟ್ ಮೆಷಿನ್ ಚುಕ್ಕಿ ಚುಕ್ಕಿಯಾಗಿ ನಂಬರ್ ಹೊಡೆಯುತ್ತದೆ. ಆ ಇಂಕು ಅಸಲಿ ಡಬ್ಬದಲ್ಲೂ ರಿಮೂವರ್‌ಗೆ ಸಾಮಾನ್ಯವಾಗಿ ಅಳಿಸುತ್ತದೆ. ಒರೆಸಿದರೆ ಸಾಕ್ಷಿಯೇ ಹೋಗುತ್ತದೆ. ಅಕ್ಕ, ತಳದ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸು. ಸುಮ್ಮನೆ ಫೋಟೊ ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತದೆ, ಚುಕ್ಕಿಗಳು ಕಲಸಿಹೋಗುತ್ತವೆ. ಟಾರ್ಚನ್ನು ಪಕ್ಕದಿಂದ ಹಿಡಿ.

ಶ್ವೇತಾ: [ಡಾಕ್ಯುಮೆಂಟ್]

ಕಿರಣ: ಈಗ ಕಾಣುತ್ತಿದೆ. ಎಕ್ಸ್‌ಪೈರಿ ವರ್ಷದ ಸುತ್ತ ಲೋಹ ಉಜ್ಜಿದ ಹೊಳಪಿದೆ. ಹೊಸ ಅಂಕಿಯ ಕೆಳಗೆ ಹಳೆಯದರ ನೆರಳೂ ಇದೆ. ತಯಾರಿ 2023 ಮಾರ್ಚ್, ಎಕ್ಸ್‌ಪೈರಿ 2026 ಡಿಸೆಂಬರ್. ಆದರೆ ಪಕ್ಕದ ಲೇಬಲ್ಲಿನಲ್ಲಿ 24 ತಿಂಗಳೊಳಗೆ ಬಳಸಿ ಅಂತಿದೆ. ಲೆಕ್ಕ ಕೂಡುವುದೇ ಇಲ್ಲ.

ಮೋಹನ್ ಮಾವ: ಕಂಪನಿಗೆ ಫೋನ್ ಮಾಡಿ ಬ್ಯಾಚ್ ನಂಬರ್ ಕೇಳಿದರೆ ಮುಗೀತು ಅಲ್ವಾ?

ಕಿರಣ: ಕೇಳೋಣ. ಆ ನಂಬರೇ ಇಲ್ಲ ಅಂದರೆ ನಕಲಿ ಖಚಿತ. ಇದೆ ಅಂದರೂ ನಂಬುವ ಹಾಗಿಲ್ಲ ಮಾವ. ಅಸಲಿ ಡಬ್ಬದ ನಂಬರನ್ನೇ ನಕಲು ಮಾಡಿರಬಹುದು.

ಶ್ವೇತಾ: ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಒಳಗಿನ ಫಾಯಿಲ್ ಸ್ವಲ್ಪ ಉಬ್ಬಿದೆ. [ಡಾಕ್ಯುಮೆಂಟ್]

ಸುಧಾ ಅತ್ತೆ: ಅಯ್ಯೋ, ಕೆಟ್ಟಿದೆ!

ಕಿರಣ: ಉಬ್ಬಿದ್ದಕ್ಕೇ ಹಾಗನ್ನಬೇಡಿ ಅತ್ತೆ. ಸಮುದ್ರ ಮಟ್ಟದಲ್ಲಿ ಪ್ಯಾಕ್ ಆದದ್ದು ಮಡಿಕೇರಿಗೆ ಬಂದರೆ ಹೊರಗಿನ ಒತ್ತಡ ಕಡಿಮೆಯಾಗಿ ಫಾಯಿಲ್ ಸ್ವಲ್ಪ ಮೇಲೇಳುತ್ತದೆ. ಅಂಚು ನೋಡಿ. ಫ್ಯಾಕ್ಟರಿಯಲ್ಲಿ ಬಿಸಿಯಿಂದ ಒತ್ತಿದ ಪಟ್ಟಿ ಸುತ್ತಲೂ ಒಂದೇ ಅಗಲ ಇರಬೇಕು. ಇಲ್ಲಿ ಒಂದು ಕಡೆ ಅಗಲ, ಒಂದು ಕಡೆ ತೆಳು. ಅಂಟು ಹೊರಗೆ ಬಂದು ಹಳದಿಯಾಗಿ ಒಣಗಿದೆ. ಕೆಳಗೆ ಹಳೆ ಫಾಯಿಲ್ ಹರಿದ ಚೂರೂ ಇದೆ. ಇದು ಮತ್ತೆ ಮುಚ್ಚಿದ ಡಬ್ಬ.

ಮೋಹನ್ ಮಾವ: ಒಳಗೂ ಹಾಲಿನ ಪುಡಿಯೇ ಇರಬಹುದಲ್ಲ?

ಕಿರಣ: ಇರಬಹುದು. 2016ರಲ್ಲಿ ಸುದ್ದಿಯಾಗಿತ್ತು, ಶಾಂಘೈ ಪೊಲೀಸರು ಹಿಡಿದ ಒಂದು ಜಾಲ ಅಗ್ಗದ ಪುಡಿಯನ್ನು ದುಬಾರಿ ಬ್ರ್ಯಾಂಡಿನ ಡಬ್ಬಕ್ಕೆ ತುಂಬಿ 17,000ಕ್ಕೂ ಹೆಚ್ಚು ಡಬ್ಬ ಮಾರಿತ್ತು. ಆದರೆ 2004ರಲ್ಲಿ ಚೀನಾದ ಫುಯಾಂಗ್‌ನಲ್ಲಿ ಸಿಕ್ಕ ನಕಲಿ ಪುಡಿಯಲ್ಲಿ ಪ್ರೋಟೀನೇ ಇರಲಿಲ್ಲ ಅನ್ನುವಷ್ಟು ಕಡಿಮೆ. ಮಕ್ಕಳ ಮುಖ ಊದಿಕೊಂಡಿತು, ಹತ್ತಕ್ಕೂ ಹೆಚ್ಚು ಕೂಸುಗಳು ಸತ್ತವು. ಊದಿಕೊಂಡ ಮುಖ ನೋಡಿ ಮಗು ದುಂಡಗಾಗಿದೆ ಅಂದುಕೊಂಡ ಮನೆಯವರೂ ಇದ್ದರು. ಪುಡಿಯ ಬಣ್ಣ, ವಾಸನೆ ನೋಡಿ ಇದು ಗೊತ್ತಾಗುವುದಿಲ್ಲ.

ಶ್ವೇತಾ: ಕೊಡಲ್ಲ. ಮಾರಿದವನಿಗೆ ಮೆಸೇಜ್ ಮಾಡಿದೆ. ಡಬ್ಬ ವಾಪಸ್ ಕಳಿಸಿದರೆ ದುಡ್ಡು ಕೊಡ್ತಾನಂತೆ.

ಮೋಹನ್ ಮಾವ: ಕಳಿಸಿಬಿಡು, ದುಡ್ಡಾದರೂ ಬರಲಿ.

ಕಿರಣ: ಬೇಡ ಮಾವ. ಅದೇ ಡಬ್ಬ ಇನ್ನೊಂದು ಕೂಸಿನ ಮನೆಗೆ ಹೋಗುತ್ತದೆ. ಅಕ್ಕ, ಡಬ್ಬವನ್ನು ಹಾಗೇ ಕವರ್‌ನಲ್ಲಿ ಕಟ್ಟಿಡು. ಬಂದ ಪಾರ್ಸೆಲ್ ಪೆಟ್ಟಿಗೆ, ದುಡ್ಡು ಕೊಟ್ಟ ಸ್ಕ್ರೀನ್‌ಶಾಟ್ ಎಲ್ಲ ಇರಲಿ. 1800112100ಕ್ಕೆ ಫೋನ್ ಮಾಡಿ ಎಫ್‌ಎಸ್‌ಎಸ್‌ಎಐಗೆ ದೂರು ಕೊಡು. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ತೋರಿಸು.

ಸುಧಾ ಅತ್ತೆ: ಇವತ್ತು ರಾತ್ರಿಗೆ ಪುಟ್ಟಿಗೆ ಏನು? ಹಸುವಿನ ಹಾಲು ಕೊಡಬೇಡಮ್ಮ, ನಾಲ್ಕು ತಿಂಗಳ ಕೂಸು.

ಶ್ವೇತಾ: ಹಳೆ ಡಬ್ಬದಲ್ಲಿ ಇನ್ನೂ ಸ್ವಲ್ಪ ಇದೆ ಅತ್ತೆ, ಅದು ಮೆಡಿಕಲ್‌ನಲ್ಲಿ ಬಿಲ್ ಸಮೇತ ತಂದದ್ದು. ಇವರು ಅಲ್ಲಿಗೇ ಹೊರಟಿದ್ದಾರೆ.