ಪದಚರ್ಚೆ: ತೂಕದ ಬಟ್ಟೋ, ತೂಕದ ಕಲ್ಲೋ? ಫಲಕ ನಾಳೆ ಅಚ್ಚಿಗೆ ಹೋಗುತ್ತದೆ

ಶೈಲಜಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯಲ್ಲಿ ಹಳೆ ಸಾಮಾನುಗಳ ಒಂದು ಸಣ್ಣ ಪ್ರದರ್ಶನ ಇದೆ. ಮಂಡಿಪೇಟೆಯ ಹಳೆ ಅಂಗಡಿ ಮನೆಯವರೊಬ್ಬರು ಒಂದು ತಕ್ಕಡಿ, ಎರಡು ಹಿತ್ತಾಳೆ ತೂಕ, ಒಂದು ಕಲ್ಲು ಕೊಟ್ಟಿದ್ದಾರೆ. ಫಲಕದ ಮೇಲೆ ಏನು ಬರೆಯಲಿ? ‘ತೂಕದ ಬಟ್ಟು’ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಸಹೋದ್ಯೋಗಿಯೊಬ್ಬರು ‘ತೂಕದ ಕಲ್ಲು’ ಸರಿ ಎನ್ನುತ್ತಾರೆ. ಹಿತ್ತಾಳೆಗೆ ಕಲ್ಲು ಎನ್ನುವುದು ಹೇಗೆ?

ಇನ್ನೊಂದು ಪ್ರಶ್ನೆ. ದೊಡ್ಡ ಹಿತ್ತಾಳೆಯ ಮೇಲೆ ೨೪ ಎಂದು ಕೊರೆದಿದೆ. ಇದು ಒಂದು ಸೇರು, 1924ರಲ್ಲಿ ಮಾಡಿಸಿದ್ದು ಎಂದು ಕೊಟ್ಟವರು ಹೇಳಿದರು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ 278 ಗ್ರಾಂ ಬಂತು. ಸೇರು ಅಂದರೆ ಒಂದು ಕೆಜಿಗೆ ಸ್ವಲ್ಪ ಕಡಿಮೆ ಅಲ್ವಾ? ಮೋಸದ ತೂಕವೇ ಇದು? ಮಕ್ಕಳ ಮುಂದೆ ಹಾಗೆ ಬರೆಯಲು ಮನಸ್ಸಾಗುತ್ತಿಲ್ಲ. ಇವತ್ತು ರಾತ್ರಿಯೊಳಗೆ ಬೇಕು.

ನಾಗಭೂಷಣ, ಚಿತ್ರದುರ್ಗ

ಕಲ್ಲು ಎಂದೇ ಬರೆಯಿರಿ. ತೂಗಲು ಜನ ಮೊದಲು ಇಟ್ಟದ್ದು ಕಲ್ಲು. ಆಮೇಲೆ ಕಬ್ಬಿಣ, ಹಿತ್ತಾಳೆ ಬಂದರೂ ಹೆಸರು ಉಳಿಯಿತು. ಬಟ್ಟು ಎಂಬುದು ಸಂಸ್ಕೃತದ ವೃತ್ತದಿಂದ ಬಂದದ್ದು. ಕನ್ನಡದ ಪದ ಕೈಯಲ್ಲೇ ಇರುವಾಗ ಎರವಲು ಬೇಡ.

ತಿಪ್ಪೇಸ್ವಾಮಿ, ಚಳ್ಳಕೆರೆ

ಸೇರು ಮಾತ್ರ ಅಚ್ಚಗನ್ನಡ. ‘ಸೇರು’ ಎಂಬ ಕ್ರಿಯಾಪದ ನೋಡಿ. ಕಾಳೆಲ್ಲ ಒಂದೆಡೆ ಸೇರಿದ್ದೇ ಸೇರು. ಇದನ್ನು ನಾನು ಬಹಳ ವರ್ಷದಿಂದ ಹೇಳುತ್ತಿದ್ದೇನೆ. ಕಾಲದ ಬಗ್ಗೆ ಹೇಳುವುದಾದರೆ, ನಮ್ಮ ಕಡೆ ಇಂಥವು ಮದಕರಿ ನಾಯಕರ ಕಾಲದವು ಸಿಗುತ್ತವೆ. ಫಲಕದಲ್ಲಿ ‘ಪಾಳೇಗಾರರ ಕಾಲ’ ಎಂದು ಹಾಕಿ, ಮಕ್ಕಳಿಗೆ ಹೆಮ್ಮೆ.

ನಾಗಭೂಷಣ

ಮರಾಠಿಯವರು ಶೇರ್ ಎನ್ನುತ್ತಾರೆ, ಹಿಂದಿಯವರು ಸೇರ್ ಎನ್ನುತ್ತಾರೆ. ಅವರೆಲ್ಲ ನಮ್ಮ ಕ್ರಿಯಾಪದ ಕದ್ದರೇ? ಸದ್ದು ಒಂದೇ ಆದರೆ ಬೇರು ಒಂದೇ ಆಗುವುದಿಲ್ಲ. ಇದು ಚರ್ಚೆಗೇ ಅಲ್ಲ.

ರುದ್ರಪ್ಪ, ಹೊಳಲ್ಕೆರೆ

ಶೈಲಜಾ ಮೇಡಂ, ಮೋಸ ಅಂತ ದಯವಿಟ್ಟು ಬರೆಯಬೇಡಿ. ನಿಮ್ಮ ಬಟ್ಟು ಸರಿಯಾಗೇ ಇದೆ. ೨೪ ಎಂಬುದು ಇಸವಿ ಅಲ್ಲ, ತೊಲ. ಬೆಳ್ಳಿ ರೂಪಾಯಿಯ ತೂಕವೇ ಒಂದು ತೊಲ, ಅಂದರೆ 11.66 ಗ್ರಾಂ. ಇಪ್ಪತ್ತನಾಲ್ಕು ತೊಲಕ್ಕೆ 280 ಗ್ರಾಂ ಆಗುತ್ತದೆ. ನಿಮ್ಮದು ಎರಡು ಗ್ರಾಂ ಸವೆದಿದೆ, ಅಷ್ಟೇ.

ಮೈಸೂರು ಸೀಮೆಯಲ್ಲಿ ಎರಡು ಸೇರು ಇದ್ದವು. 24 ತೊಲದ್ದು ಕಚ್ಚಾ ಸೇರು, 80 ತೊಲದ್ದು ಪಕ್ಕಾ ಸೇರು. ನಿಮ್ಮ ಮನಸ್ಸಿನಲ್ಲಿರುವುದು ಪಕ್ಕಾ ಸೇರು, ಅದು 933 ಗ್ರಾಂ. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಮಂಡಿಗೆ ಹೋದರೆ ಬೆಲ್ಲದ ಮಾತಿಗೆ ಮೊದಲು ‘ಕಚ್ಚಾ ಮಣವೋ, ಪಕ್ಕಾ ಮಣವೋ’ ಎಂದೇ ಕೇಳುತ್ತಿದ್ದರು. ನಲವತ್ತು ಸೇರಿಗೆ ಒಂದು ಮಣ. ಆದ್ದರಿಂದ ಒಂದು ಮಣ 11 ಕೆಜಿ ಚಿಲ್ಲರೆ, ಇನ್ನೊಂದು 37 ಕೆಜಿ ಮೇಲೆ. ಹಳೆ ಲೆಕ್ಕದ ಪುಸ್ತಕ ಓದುವವರು ಇದನ್ನು ತಿಳಿಯದೆ ಎಡವುತ್ತಾರೆ.

ಒಂದು ಕೆಲಸ ಮಾಡಿ. ಚಿಕ್ಕ ಹಿತ್ತಾಳೆಯ ಮೇಲೂ ಅಂಕಿ ಇದೆಯಾ ನೋಡಿ. ಅದು ಅಚ್ಚೇರು ಆಗಿದ್ದರೆ ೧೨ ಇರಬೇಕು, ತೂಕ 140ರ ಆಸುಪಾಸು ಬರಬೇಕು. ಕಲ್ಲನ್ನೂ ತೂಗಿ ಬರೆಯಿರಿ.

ಕವಿತಾ, ಹರಪನಹಳ್ಳಿ

ನಮ್ಮ ಮನೆಯಲ್ಲೂ ಹಿತ್ತಾಳೆ ಸೇರು ಇದೆ ರುದ್ರಪ್ಪನವರೇ. ನಿಮ್ಮ ಮಾತು ಓದಿ ಈಗಲೇ ತೂಗಿದೆ. 640 ಗ್ರಾಂ. ಕಚ್ಚಾವೂ ಅಲ್ಲ, ಪಕ್ಕಾವೂ ಅಲ್ಲ! ಮಾರುವವರು ಇದನ್ನು 150 ವರ್ಷ ಹಳೆಯದು ಎಂದಿದ್ದರು. ಜಾಸ್ತಿ ಕೊಟ್ಟೆನಾ?

ರುದ್ರಪ್ಪ

ಕವಿತಾ ಅವರೇ, ನಿಮ್ಮದು ಕಾಳು ಅಳೆಯುವ ಸೇರು. ಪಾತ್ರೆಯನ್ನು ತೂಗಿದರೆ ಹಿತ್ತಾಳೆಯ ತೂಕ ಗೊತ್ತಾಗುತ್ತದೆ, ಅಳತೆ ಗೊತ್ತಾಗುವುದಿಲ್ಲ. ಖಾಲಿ ಪಾತ್ರೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಬಾಯಿಯವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟು ಮಿಲಿಲೀಟರ್. ಆದರೆ ಕಾಳನ್ನು ಗೋಪುರದ ಹಾಗೆ ತುಂಬಿ ಅಳೆಯುವ ರೂಢಿಯೂ ಇತ್ತು, ನೀರು ಗೋಪುರ ಆಗುವುದಿಲ್ಲ. ಅದೂ ಅಲ್ಲದೆ ನಿಮ್ಮೂರು 1953ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರಿನ ಅಳತೆಗೆ ಹೋಲಿಸಿ ಹಳೆಯದು, ಹೊಸದು ಎನ್ನಬೇಡಿ.

ಹಳೆಯದೋ ಎಂದು ನೋಡಲು ಬಾಯಿಯ ಅಂಚು ಸವರಿ. ಮಟ್ಟ ಮಾಡಲು ಕೋಲು, ಕೈ ಎಳೆದೂ ಎಳೆದೂ ಅಂಚು ನುಣ್ಣಗಾಗಿರುತ್ತದೆ, ಒಂದು ಕಡೆ ಜಾಸ್ತಿ ಸವೆದಿರುತ್ತದೆ. ಹೊಸದನ್ನು ಆಸಿಡ್‌ನಲ್ಲಿ ಕಪ್ಪು ಮಾಡಿದ್ದರೆ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ, ಕೈ ತಾಗುವ ಜಾಗದಲ್ಲೂ. ಅಂಥದ್ದಕ್ಕೆ ಲೋಹದ ಬೆಲೆಗಿಂತ ಜಾಸ್ತಿ ಕೊಡಬಾರದು.

ಶೈಲಜಾ

ಚಿಕ್ಕದರ ಮೇಲೆ ೧೨ ಇದೆ! ತೂಕ 139. ಕೊಟ್ಟವರು ಅದನ್ನು 1912 ಎಂದಿದ್ದರು. ಕಲ್ಲು 2,760 ಗ್ರಾಂ, ಒಂದು ಮೂಲೆ ಒಡೆದಿದೆ. ಬೇಜಾರಿನ ವಿಷಯ ಏನೆಂದರೆ, ದೊಡ್ಡದನ್ನು ನಿನ್ನೆಯೇ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೆ.

ರುದ್ರಪ್ಪ

ಅಂಕಿ, ತೂಕ ಎರಡೂ ಜೋಡಿಯಾದವು. ಇನ್ನು ಅನುಮಾನ ಬೇಡ. ಚಿಕ್ಕದನ್ನು ಮಾತ್ರ ಉಜ್ಜಬೇಡಿ. ಸರ್ಕಾರದ ಮುದ್ರೆ ಸಣ್ಣದಾಗಿ ಒತ್ತಿದ್ದರೆ ಉಜ್ಜಿದಷ್ಟೂ ಅಳಿಸುತ್ತದೆ. ಬೆಲೆ ಇರುವುದು ಮುದ್ರೆಗೆ, ಜೋಡಿಗೆ. ಎರಡನ್ನೂ ಒಟ್ಟಿಗೇ ಇಡಿ.

ಕಾಲ ಹೇಳುವುದು ಕಷ್ಟ. 180 ಗ್ರೇನಿನ ರೂಪಾಯಿ ಕಂಪನಿ ಸೀಮೆಗೆಲ್ಲ ಒಂದೇ ಆಗಿದ್ದು 1835ರಲ್ಲಿ. ಅದಕ್ಕೆ ಇಷ್ಟು ಹತ್ತಿರ ಕೂರುವ ಬಟ್ಟು ಆಮೇಲಿನದಾಗಿರುವ ಸಂಭವವೇ ಜಾಸ್ತಿ. ದುರ್ಗ ಹೈದರನ ಕೈಗೆ ಹೋಗಿದ್ದು 1779ರಲ್ಲಿ. ತಿಪ್ಪೇಸ್ವಾಮಿಯವರೇ, ಪಾಳೇಗಾರರ ಕಾಲ ಎನ್ನಲು ಇದರಲ್ಲಿ ಏನೂ ಆಧಾರ ಇಲ್ಲ. ಇನ್ನೊಂದು ಕೊನೆಯ ಗಡಿ 1962. 1956ರ ಕಾನೂನಿನ ಮೇಲೆ ಮೆಟ್ರಿಕ್ ಬಂದು, ಅಷ್ಟರೊಳಗೆ ಸೇರು ವ್ಯಾಪಾರದಿಂದ ಹೊರಗಾಯಿತು.

ಕಲ್ಲಿನದು ಬಗೆಹರಿಯುವುದಿಲ್ಲ. ಹತ್ತು ಕಚ್ಚಾ ಸೇರಿಗೆ ಒಂದು ಧಡೆಯ, ಅಂದರೆ 240 ತೊಲ, 2,799 ಗ್ರಾಂ. ಒಡೆದ ಮೂಲೆಗೆ 39 ಗ್ರಾಂ ಹೋಗಿರಬಹುದು. ಆದರೆ ಮೂರು ಪಕ್ಕಾ ಸೇರು ಎಂದರೂ ಅದೇ 240 ತೊಲ! ನನಗೆ ಧಡೆಯ ಎಂದೇ ಅನಿಸುತ್ತದೆ.

ನಾಗಭೂಷಣ

ಕಚ್ಚಾ, ಪಕ್ಕಾ, ತೊಲ. ಕನ್ನಡ ಫಲಕದಲ್ಲಿ ಇವೆಲ್ಲ ಯಾಕೆ? ಚಿಕ್ಕ ಸೇರು, ದೊಡ್ಡ ಸೇರು ಎನ್ನಿ.

ರುದ್ರಪ್ಪ

ಚಿಕ್ಕ ಸೇರು ಎಂದು ಯಾವ ಅಂಗಡಿಯಲ್ಲೂ ನಾನು ಕೇಳಿಲ್ಲ ನಾಗಭೂಷಣ. ಜನ ಆಡಿದ ಮಾತನ್ನು ಫಲಕಕ್ಕಾಗಿ ತಿದ್ದಿದರೆ ನಾಳೆ ಹಳೆ ಖಾತೆ ಓದುವ ಹುಡುಗನಿಗೆ ಏನೂ ಅರ್ಥವಾಗುವುದಿಲ್ಲ. ಬಟ್ಟು ಎಲ್ಲಿಂದಲೇ ಬಂದಿರಲಿ, ಇವರ ಅಜ್ಜಿಯ ಬಾಯಲ್ಲಿತ್ತು.

ನಾಗಭೂಷಣ

ಅಜ್ಜಿಯ ಬಾಯಲ್ಲಿದ್ದದ್ದೆಲ್ಲ ಕನ್ನಡವಾದರೆ ನಾಳೆ ‘ವೇಟು’ ಕೂಡ ಕನ್ನಡವೇ.

ತಿಪ್ಪೇಸ್ವಾಮಿ

ಸೇರಿನ ಬಗ್ಗೆ ನನ್ನ ಮಾತು ಹಾಗೇ ಇದೆ. ರಾಶಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರಲ್ಲ, ಅದನ್ನಾದರೂ ಫಲಕದಲ್ಲಿ ಹಾಕಿ ಮೇಡಂ.

ಶೈಲಜಾ

ಅಚ್ಚಿಗೆ ಕೊಟ್ಟೆ. ಹೀಗೆ ಬರೆದಿದ್ದೇನೆ: ‘ತೂಕದ ಬಟ್ಟುಗಳು. ಹಿತ್ತಾಳೆ. ಕಚ್ಚಾ ಸೇರು (24 ತೊಲ), ಅಚ್ಚೇರು (12 ತೊಲ). 1962ಕ್ಕಿಂತ ಹಿಂದಿನವು.’ ಕೆಳಗೆ, ‘ತೂಕದ ಕಲ್ಲು, ಸುಮಾರು 240 ತೊಲ.’ ಕಲ್ಲಿಗೆ ಕಲ್ಲು ಎಂದಿದ್ದೇನೆ ನಾಗಭೂಷಣ ಸರ್. ಲಾಭದ ಎಣಿಕೆ ಕೊಳಗದ ಫಲಕಕ್ಕೆ ಇಟ್ಟುಕೊಂಡಿದ್ದೇನೆ, ಕೊಳಗ ಇನ್ನೂ ಸಿಗಬೇಕು. ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ.